ಚೆಂಡು ಬಾಗುತ್ತದೆ, ಇಳಿಯುವುದಿಲ್ಲ: ಫ್ರೀ ಕಿಕ್‌ನಲ್ಲಿ ಎಡವುತ್ತಿರುವುದು ಎಲ್ಲಿ?

ಪ್ರಶ್ನೆ: ಸರ್, ನನಗೆ 19 ವರ್ಷ. ಬೆಂಗಳೂರಿನಲ್ಲಿ ಕಾಲೇಜು ಫುಟ್‌ಬಾಲ್ ಟೀಮಿಗೆ ಆಡುತ್ತೇನೆ, ಬಲಗಾಲಿನವನು. ಬಾಕ್ಸ್ ಹೊರಗೆ 20–22 ಮೀಟರ್‌ನಿಂದ ಫ್ರೀ ಕಿಕ್ ಹೊಡೆದರೆ ಚೆಂಡು ಎಡಕ್ಕೆ ಚೆನ್ನಾಗಿಯೇ ಬಾಗುತ್ತದೆ, ಎದುರಾಳಿ ಆಟಗಾರರ ಗೋಡೆಯನ್ನೂ ದಾಟುತ್ತದೆ, ಆದರೆ ಕೆಳಗಿಳಿಯುವುದೇ ಇಲ್ಲ. ಹತ್ತರಲ್ಲಿ ಏಳು ಬಾರ್ ಮೇಲೆ ಹೋಗುತ್ತವೆ. ಕೋಚ್ ‘ಚೆಂಡಿನ ಮೇಲೆ ಬಗ್ಗು’ ಅಂತಾರೆ, ಬಗ್ಗಿದರೆ ಗೋಡೆಗೆ ಬಡಿಯುತ್ತದೆ. ಒಬ್ಬ ಗೆಳೆಯ ‘ವಾಲ್ವ್ ಮೇಲೆ ಹೊಡಿ’ ಅಂತಾನೆ, ಇನ್ನೊಬ್ಬ ‘ಫಾಲೋ ಥ್ರೂ ಸಾಲದು’ ಅಂತಾನೆ. ಎಲ್ಲ ಮಾಡಿ ನೋಡಿದೆ. ಚೆಂಡಿನ ಯಾವ ಜಾಗಕ್ಕೆ ಹೊಡೆದರೆ ಇಳಿಯುತ್ತದೆ, ಅದೊಂದು ಹೇಳಿ ಸಾಕು.

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲೇ ಗಂಟು ಇದೆ. ‘ಯಾವ ಜಾಗ’ ಎನ್ನುವುದು ಅರ್ಧ ಪ್ರಶ್ನೆ ಮಾತ್ರ. ಆ ಜಾಗವನ್ನು ಮುಟ್ಟುವ ಹೊತ್ತಿಗೆ ನಿಮ್ಮ ಕಾಲು ಯಾವ ದಿಕ್ಕಿಗೆ ಹೋಗುತ್ತಿತ್ತು ಎನ್ನುವುದು ಉಳಿದರ್ಧ. ಒಂದೇ ಜಾಗಕ್ಕೆ ಹೊಡೆದ ಎರಡು ಚೆಂಡುಗಳಲ್ಲಿ ಒಂದು ಇಳಿದು ಇನ್ನೊಂದು ತೇಲಿಹೋಗುವುದನ್ನು ನಾನು ತರಬೇತಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಮನೆಯಲ್ಲಿ ಬೀರು ಸರಿಸಿದ್ದೀರಲ್ಲ? ನಡುವೆ ತಳ್ಳಿದರೆ ನೆಟ್ಟಗೆ ಜರುಗುತ್ತದೆ, ಒಂದು ಅಂಚಿಗೆ ತಳ್ಳಿದರೆ ಜರುಗುತ್ತಲೇ ತಿರುಗುತ್ತದೆ. ಚೆಂಡೂ ಹಾಗೆಯೇ. ಕಾಲು ತಳ್ಳುವ ಗೆರೆಯನ್ನು ಚೆಂಡಿನೊಳಗೆ ಮುಂದುವರಿಸಿ ನೋಡಿ. ಅದು ನಡುಬಿಂದುವಿನ ಮೂಲಕವೇ ಹೋದರೆ ಚೆಂಡು ಸುತ್ತುವುದಿಲ್ಲ. ನಡುಬಿಂದುವಿನ ಬಲಕ್ಕೆ ಹಾದುಹೋದರೆ ಚೆಂಡಿನ ಮುಂಭಾಗ ಎಡಕ್ಕೆ ಸುತ್ತುತ್ತದೆ. ಕೆಳಗೆ ಹಾದರೆ ಮುಂಭಾಗ ಮೇಲಕ್ಕೆ ಸುತ್ತುತ್ತದೆ, ಇದೇ ಬ್ಯಾಕ್ ಸ್ಪಿನ್. ಮೇಲೆ ಹಾದರೆ ಮುಂಭಾಗ ಕೆಳಕ್ಕೆ ಸುತ್ತುತ್ತದೆ, ನೆಲದ ಮೇಲೆ ಮುಂದಕ್ಕೆ ಉರುಳುವ ಚಕ್ರದ ಹಾಗೆ. ಇದು ಟಾಪ್ ಸ್ಪಿನ್.

ಇನ್ನು ಗಾಳಿಯ ಕೆಲಸ. ಸುತ್ತುವ ಚೆಂಡು ತನಗೆ ಅಂಟಿದ ಗಾಳಿಯನ್ನೂ ಎಳೆದುಕೊಂಡು ಸುತ್ತುತ್ತದೆ. ಹಾಗಾಗಿ ಹಿಂದಕ್ಕೆ ಸರಿಯುವ ಗಾಳಿ ಒಂದು ಪಕ್ಕಕ್ಕೆ ತಳ್ಳಲ್ಪಡುತ್ತದೆ, ಚೆಂಡು ಅದರ ಎದುರು ಪಕ್ಕಕ್ಕೆ ಸರಿಯುತ್ತದೆ. ಟೆನಿಸ್ ಚೆಂಡು ಹೀಗೆ ಬಾಗುವುದನ್ನು ನ್ಯೂಟನ್ 1672ರಲ್ಲೇ ಗಮನಿಸಿದ್ದ. ಪರಿಣಾಮಕ್ಕೆ ಹೆಸರು ಬಂದಿದ್ದು 1852ರಲ್ಲಿ ಅದನ್ನು ಪ್ರಯೋಗ ಮಾಡಿ ತೋರಿಸಿದ ಜರ್ಮನಿಯ ಹೈನ್ರಿಕ್ ಮ್ಯಾಗ್ನಸ್‌ನಿಂದ. ಮೈದಾನದಲ್ಲಿ ನೆನಪಿಟ್ಟುಕೊಳ್ಳಲು ಒಂದು ಸುಲಭ ಸೂತ್ರ ಸಾಕು: ಚೆಂಡಿನ ಮೂಗು ಯಾವ ಕಡೆ ಸುತ್ತುತ್ತದೋ ಚೆಂಡು ಆ ಕಡೆಗೇ ಹೋಗುತ್ತದೆ. ಲೆಗ್ ಸ್ಪಿನ್ನರ್ ಎಸೆದ ಟಾಪ್ ಸ್ಪಿನ್ನರ್ ಬ್ಯಾಟ್ಸ್‌ಮನ್ ಅಂದುಕೊಂಡದ್ದಕ್ಕಿಂತ ಮೊದಲೇ ಬೀಳುವುದೂ ಇದರಿಂದಲೇ.

ಈಗ ನಿಮ್ಮ ಚೆಂಡಿಗೆ ಬರೋಣ. ನೆಲದ ಮೇಲೆ ನಿಂತ ಚೆಂಡನ್ನು ಗೋಡೆಯ ಮೇಲಿಂದ ಎತ್ತಬೇಕು. ಎತ್ತಬೇಕೆಂದಾಗ ಎಲ್ಲರ ಕಾಲೂ ತಾನಾಗಿಯೇ ಚೆಂಡಿನ ಅಡಿಗೆ ಹೋಗುತ್ತದೆ. ಕಾಲು ನೆಲಕ್ಕೆ ಸಮವಾಗಿ, ಅಂದರೆ ಚಪ್ಪಟೆಯಾಗಿ ಬಂದು ಚೆಂಡಿನ ಕೆಳ-ಬಲ ಭಾಗಕ್ಕೆ ತಗುಲಿದರೆ ತಳ್ಳುವ ಗೆರೆ ನಡುಬಿಂದುವಿನ ಬಲಕ್ಕೂ ಕೆಳಕ್ಕೂ ಹಾದುಹೋಗುತ್ತದೆ. ಬಲಕ್ಕೆ ಹಾದದ್ದರಿಂದ ಎಡಕ್ಕೆ ಬಾಗುತ್ತದೆ, ಇದನ್ನು ನೀವು ಕಾಣುತ್ತಿದ್ದೀರಿ. ಕೆಳಗೆ ಹಾದದ್ದರಿಂದ ಬ್ಯಾಕ್ ಸ್ಪಿನ್ ಕೂಡ ಸೇರಿಕೊಳ್ಳುತ್ತದೆ, ಇದು ನಿಮ್ಮ ಕಣ್ಣಿಗೆ ಬೀಳುತ್ತಿಲ್ಲ. ಆ ಬ್ಯಾಕ್ ಸ್ಪಿನ್ ಚೆಂಡನ್ನು ದಾರಿಯುದ್ದಕ್ಕೂ ಮೇಲಕ್ಕೆ ಹಿಡಿದಿಟ್ಟುಕೊಂಡಿದೆ.

ಎಷ್ಟು ಎತ್ತುತ್ತದೆ ಎಂದು ಲೆಕ್ಕ ಹಾಕಿ ನೋಡೋಣ, ಏಕೆಂದರೆ ಈ ಲೆಕ್ಕ ನೋಡಿದ ಮೇಲೆಯೇ ನನಗೂ ವಿಷಯ ಸ್ಪಷ್ಟವಾಗಿದ್ದು. 22 ಮೀಟರ್ ದೂರ. ಚೆಂಡು ಗಂಟೆಗೆ 90 ಕಿ.ಮೀ. ವೇಗದಲ್ಲಿ, ಸೆಕೆಂಡಿಗೆ ಎಂಟು ಸುತ್ತು ಸುತ್ತುತ್ತ ಹೊರಡುತ್ತದೆ ಎಂದುಕೊಳ್ಳಿ. ಗೋಲ್ ತಲುಪಲು ಸುಮಾರು ಒಂದು ಸೆಕೆಂಡು ಬೇಕು. ಇಷ್ಟು ಸುತ್ತಿನಿಂದ ಗಾಳಿ ಚೆಂಡನ್ನು ತಳ್ಳುವ ಬಲ ಚೆಂಡಿನ ತೂಕದ ಸುಮಾರು ಅರ್ಧದಷ್ಟಿರುತ್ತದೆ. ಒಂದು ಸೆಕೆಂಡಿನಲ್ಲಿ ಅದು ಚೆಂಡನ್ನು ಎರಡೂವರೆ ಮೀಟರ್‌ನಷ್ಟು ಸರಿಸಬಲ್ಲದು. ಚೆಂಡು ಬುಗುರಿಯ ಹಾಗೆ ನೆಟ್ಟಗೆ ನಿಂತು ಸುತ್ತಿದರೆ ಈ ಎರಡೂವರೆ ಮೀಟರ್ ಪೂರ್ತಿ ಪಕ್ಕಕ್ಕೇ ಖರ್ಚಾಗುತ್ತದೆ.

ಈಗ ಬುಗುರಿಯನ್ನು 30 ಡಿಗ್ರಿ ವಾಲಿಸಿ, ಟಾಪ್ ಸ್ಪಿನ್ ಸೇರುವ ಕಡೆಗೆ. ಪಕ್ಕದ ಬಾಗು 2.5 ಮೀಟರ್‌ನಿಂದ ಸುಮಾರು 2.2ಕ್ಕೆ ಇಳಿಯುತ್ತದೆ. ನಷ್ಟ ಬರೀ ಒಂದಡಿ. ಆದರೆ ಚೆಂಡು ತನ್ನ ತೂಕದಿಂದ ಇಳಿಯುವುದರ ಜೊತೆಗೆ ಇನ್ನೂ 1.25 ಮೀಟರ್ ಹೆಚ್ಚಿಗೆ ಇಳಿಯುತ್ತದೆ. ಅದೇ 30 ಡಿಗ್ರಿಯನ್ನು ಬ್ಯಾಕ್ ಸ್ಪಿನ್ ಕಡೆಗೆ ವಾಲಿಸಿದರೆ ಬಾಗು ಅಷ್ಟೇ ಇರುತ್ತದೆ, ಚೆಂಡು ಮಾತ್ರ 1.25 ಮೀಟರ್ ಮೇಲೆ ಹೋಗುತ್ತದೆ. ಎರಡರ ನಡುವಿನ ಅಂತರ 2.5 ಮೀಟರ್, ಗೋಲ್‌ನ ಎತ್ತರವೇ 2.44. ಒಂದೇ ವೇಗ, ಒಂದೇ ಕೋನ, ಒಂದೇ ಬಾಗು. ಹಿಂದಿನಿಂದ ನೋಡುವ ನಿಮಗೆ ಎರಡೂ ‘ಚೆನ್ನಾಗಿ ಕರ್ಲ್ ಆದ’ ಹೊಡೆತಗಳೇ, ಆದರೆ ಒಂದು ಬಲೆಗೆ, ಇನ್ನೊಂದು ಹಿಂದಿನ ರಸ್ತೆಗೆ.

ಇದರಲ್ಲೇ ಇನ್ನೊಂದು ನಂಬಿಕೆಯೂ ಬಿದ್ದುಹೋಗುತ್ತದೆ. ಒಳ್ಳೆಯ ಫ್ರೀ ಕಿಕ್ ‘ಕೊನೆಯಲ್ಲಿ ಫಕ್ಕನೆ’ ಬಾಗುತ್ತದೆ, ಇಳಿಯುತ್ತದೆ ಎನ್ನುತ್ತಾರಲ್ಲ, ಸ್ಪಿನ್ ಇರುವ ಚೆಂಡಿನಲ್ಲಿ ಹಾಗೇನೂ ನಡೆಯುವುದಿಲ್ಲ. ತಳ್ಳು ಮೊದಲಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಆದರೆ ಸರಿಯುವ ದೂರ ಸಮಯದ ವರ್ಗದಂತೆ ಬೆಳೆಯುತ್ತದೆ. 9.15 ಮೀಟರ್ ದೂರದ ಗೋಡೆಯ ಬಳಿ ಚೆಂಡು ಪಕ್ಕಕ್ಕೆ ಸರಿದಿರುವುದು ಸುಮಾರು 40 ಸೆಂ.ಮೀ., ವಾಲಿಸಿದ ಟಾಪ್ ಸ್ಪಿನ್‌ನಿಂದ ಹೆಚ್ಚಿಗೆ ಇಳಿದಿರುವುದು 20 ಸೆಂ.ಮೀ. ಮಾತ್ರ. ಉಳಿದದ್ದೆಲ್ಲ ಗೋಡೆ ದಾಟಿದ ಮೇಲೆ. ಫ್ರೀ ಕಿಕ್ ಎಂಬ ಆಟವೇ ಇದರ ಮೇಲೆ ನಿಂತಿದೆ: ಗೋಡೆಯ ಹತ್ತಿರ ನಿಮಗೆ ತಗಲುವ ತೆರಿಗೆ 20 ಸೆಂ.ಮೀ., ಗೋಲ್ ಹತ್ತಿರ ಸಿಗುವ ಲಾಭ ಮೀಟರಿನ ಮೇಲೆ. 1997ರ ಜೂನ್ 3ರಂದು ಲಿಯಾನ್‌ನಲ್ಲಿ ಫ್ರಾನ್ಸ್ ವಿರುದ್ಧ ರೊಬರ್ಟೊ ಕಾರ್ಲೋಸ್ ಎಡಗಾಲಿನ ಹೊರಮೈಯಿಂದ ಹೊಡೆದದ್ದು ಅಷ್ಟು ಬೆರಗು ಹುಟ್ಟಿಸಿದ್ದೂ ಇದಕ್ಕೇ. ಸುಮಾರು 35 ಮೀಟರ್ ದೂರವಿತ್ತು, ಬಾಗಲು ಬೇಕಾದಷ್ಟು ಸಮಯ ಸಿಕ್ಕಿತು. ಅದೇ ಹೊಡೆತ 20 ಮೀಟರ್‌ನಿಂದ ಬಂದಿದ್ದರೆ ಪೋಸ್ಟ್‌ನಿಂದ ದೂರವೇ ಹೊರಗೆ ಹೋಗುತ್ತಿತ್ತು.

ಹಾಗಾದರೆ ಚೆಂಡಿನ ಅಡಿಗೆ ಹೋಗದೆ ಎತ್ತುವುದು ಹೇಗೆ? ಚೆಂಡು 20 ಡಿಗ್ರಿಯಷ್ಟು ಮೇಲೆ ಏಳಬೇಕು ಎಂದುಕೊಳ್ಳಿ. ಅದಕ್ಕೆ ಎರಡು ದಾರಿಗಳಿವೆ. ಒಂದು ನಿಮ್ಮದು: ನಡುವಿನಿಂದ ನಾಲ್ಕೈದು ಸೆಂ.ಮೀ. ಕೆಳಗೆ, ಚಪ್ಪಟೆಯಾಗಿ ಬರುವ ಕಾಲಿನಿಂದ. ಎತ್ತುವ ಕೆಲಸ ಚೆಂಡಿನ ಗುಂಡಗಿನ ಅಡಿಭಾಗದ್ದು, ಜೊತೆಗೆ ಬರುವುದು ಬ್ಯಾಕ್ ಸ್ಪಿನ್. ಇನ್ನೊಂದು: ನಡುವಿನಿಂದ ಎರಡು ಸೆಂ.ಮೀ. ಮಾತ್ರ ಕೆಳಗೆ, ಆದರೆ ಆಗಲೇ ಮೇಲಕ್ಕೆ ಏಳುತ್ತಿರುವ ಕಾಲಿನಿಂದ. ಇಲ್ಲಿ ಎತ್ತುವ ಕೆಲಸ ಕಾಲಿನ ದಿಕ್ಕಿನದು. ಕಾಲು ಚೆಂಡಿನ ಬೆನ್ನನ್ನು ಸವರಿಕೊಂಡು ಮೇಲೇರುವುದರಿಂದ ತಳ್ಳುವ ಗೆರೆ ನಡುಬಿಂದುವಿನ ಮೇಲೆ ಹಾದು ಟಾಪ್ ಸ್ಪಿನ್ ಬರುತ್ತದೆ. ಚೆಂಡು ಏಳುವ ಕೋನ ಎರಡರಲ್ಲೂ ಒಂದೇ. ಸೆಂಟಿಮೀಟರ್‌ಗಳನ್ನು ದಿಕ್ಕು ತೋರಿಸುವ ಗುರುತುಗಳೆಂದು ತಿಳಿಯಿರಿ. ಓಡಿಬಂದು ಹೊಡೆಯುವಾಗ ಯಾರೂ ಸ್ಕೇಲ್ ಇಟ್ಟು ಅಳೆಯಲಾರರು.

ಏಳುತ್ತಿರುವ ಕಾಲು ಚೆಂಡಿಗೆ ತಗುಲಬೇಕಾದರೆ ಚೆಂಡು, ಕಾಲಿನ ಬೀಸಿನ ತೀರಾ ತಗ್ಗಿನ ಜಾಗವನ್ನು ದಾಟಿ ಸ್ವಲ್ಪ ಮುಂದಿರಬೇಕು. ಆ ತಗ್ಗು ಎಲ್ಲಿ ಬೀಳುತ್ತದೆ ಎನ್ನುವುದನ್ನು ನಿರ್ಧರಿಸುವುದು ನೀವು ನೆಲಕ್ಕೆ ಊರುವ ಎಡಗಾಲು. ಚಿಕ್ಕಂದಿನಿಂದ ನಮಗೆ ಕಲಿಸುವುದು ‘ಚೆಂಡಿನ ಪಕ್ಕಕ್ಕೆ ಊರು’ ಎಂದು. ಪಾಸ್‌ಗೆ, ನೆಲಮಟ್ಟದ ಹೊಡೆತಕ್ಕೆ ಅದು ಸರಿ. ಈ ಫ್ರೀ ಕಿಕ್‌ಗೆ ಎಡಗಾಲು ಚೆಂಡಿಗಿಂತ ಅರ್ಧ ಗೇಣು, ಅಂದರೆ ಹತ್ತು ಸೆಂ.ಮೀ.ನಷ್ಟು ಹಿಂದಿರಲಿ. ಪಕ್ಕದಲ್ಲಿ ಒಂದಡಿ ಜಾಗ ಬಿಡಿ. ಕಡಿಮೆ ಬಿಟ್ಟರೆ ಬಲಗಾಲು ಅಡ್ಡಡ್ಡ ಬೀಸಲು ಜಾಗ ಸಾಲದೆ ಬಾಗು ಹೋಗಿಬಿಡುತ್ತದೆ. ಓಟ ಸುಮಾರು 45 ಡಿಗ್ರಿ ಓರೆಯಲ್ಲಿರಲಿ. ಚೆಂಡಿಗೆ ತಗುಲಬೇಕಾದ್ದು ಹೆಬ್ಬೆರಳಿನ ಬುಡದ ಗಟ್ಟಿ ಮೂಳೆ, ಲೇಸ್ ಮುಗಿದು ಒಳಮೈ ಶುರುವಾಗುವ ಜಾಗ. ಪಾದ ಅಲುಗದಂತೆ ಪಾದದ ಕೀಲು ಬಿಗಿಯಾಗಿರಲಿ.

ಕೋಚ್ ‘ಬಗ್ಗು’ ಎಂದದ್ದು ಪೂರ್ತಿ ತಪ್ಪಲ್ಲ. ಹಿಂದಕ್ಕೆ ವಾಲಿದರೆ ಕಾಲು ಇನ್ನೂ ಅಡಿಗೆ ಹೋಗಿ ಬ್ಯಾಕ್ ಸ್ಪಿನ್ ಹೆಚ್ಚುತ್ತದೆ, ಅದನ್ನು ತಡೆಯಲು ಆ ಮಾತು. ಆದರೆ ಎಡಗಾಲನ್ನು ಹಳೆಯ ಜಾಗದಲ್ಲೇ ಇಟ್ಟು ಬರೀ ಎದೆ ಬಗ್ಗಿಸಿದರೆ ಕಡಿಮೆಯಾಗುವುದು ಏಳುವ ಕೋನ. ಸ್ಪಿನ್ ಬದಲಾಗುವುದಿಲ್ಲ. ಚೆಂಡು ಗೋಡೆಗೆ ಬಡಿಯುವುದಕ್ಕೆ ಬೇರೆ ಕಾರಣ ಬೇಡ. ಎದೆ ನೆಟ್ಟಗಿರಲಿ, ಕಾಲು ಹಿಂದೆ ಊರಲಿ.

ಫಾಲೋ ಥ್ರೂ ವಿಷಯ. ಬೂಟು ಮತ್ತು ಚೆಂಡು ಅಂಟಿಕೊಂಡಿರುವುದು ಸೆಕೆಂಡಿನ ಸುಮಾರು ನೂರರಲ್ಲೊಂದು ಭಾಗ. ಅಷ್ಟರಲ್ಲಿ ಎರಡೂ ಒಟ್ಟಿಗೆ ಒಂದು ಗೇಣಿಗಿಂತ ಕಡಿಮೆ ಸರಿದಿರುತ್ತವೆ. ಆಮೇಲೆ ಕಾಲನ್ನು ಎಷ್ಟು ಚೆಂದವಾಗಿ ಸುತ್ತಿದರೂ ಚೆಂಡಿಗೆ ಗೊತ್ತಾಗುವುದಿಲ್ಲ. ಫಾಲೋ ಥ್ರೂ ಸಾಕ್ಷಿ ಮಾತ್ರ: ಹೊಡೆದ ಮೇಲೆ ನಿಮ್ಮ ಮಂಡಿ ಮೇಲೆದ್ದು ದೇಹದ ಅಡ್ಡಕ್ಕೆ ಬಂದರೆ ಕಾಲು ಏಳುತ್ತಿತ್ತು ಎಂದರ್ಥ. ಬಲಗಾಲು ತಗ್ಗಿನಲ್ಲೇ ಮುಂದಕ್ಕೆ ಚಾಚಿಕೊಂಡು ನಿಂತರೆ ನೀವು ಮತ್ತೆ ಅಡಿಗೆ ಹೋಗಿದ್ದೀರಿ.

ಚೆಂಡನ್ನು ‘ಉಜ್ಜಬೇಕು’ ಎನ್ನುವವರೂ ಇದ್ದಾರೆ. ಜಪಾನಿನ ಸಂಶೋಧಕ ತಕೇಶಿ ಅಸಾಯಿ ಮತ್ತು ಜೊತೆಯವರು ಒದೆತವನ್ನು ಕಂಪ್ಯೂಟರಿನಲ್ಲಿ ಮಾದರಿ ಮಾಡಿ ನೋಡಿದಾಗ, ಬೂಟಿಗೂ ಚೆಂಡಿಗೂ ಘರ್ಷಣೆಯೇ ಇಲ್ಲವೆಂದುಕೊಂಡರೂ ಸ್ವಲ್ಪ ಸ್ಪಿನ್ ಬರುವುದು ಕಂಡಿತು, ಏಕೆಂದರೆ ಚೆಂಡು ಬೂಟಿನ ಸುತ್ತ ತಗ್ಗಿ ಹಿಡಿತ ಕೊಡುತ್ತದೆ. ನಡುವಿನಿಂದ ಎಷ್ಟು ದೂರ ಹೊಡೆದಿರಿ ಎನ್ನುವುದೇ ದೊಡ್ಡ ವಿಷಯ. ಆದರೆ ತೀರಾ ಅಂಚಿಗೆ ಹೋದರೆ ವೇಗ ಸೋರಿಹೋಗುತ್ತದೆ. ಮಳೆಗಾಲದಲ್ಲಿ ಚೆಂಡು ಒದ್ದೆಯಾದರೆ ಸ್ಪಿನ್ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ವಾಲ್ವ್‌ನಲ್ಲಿ ಯಾವ ಮಾಯೆಯೂ ಇಲ್ಲ. ಅದು ಗುರುತಾಗಿ ಮಾತ್ರ ಉಪಯೋಗಕ್ಕೆ ಬರುತ್ತದೆ, ಆ ಉಪಯೋಗ ನಿಮಗೆ ಈಗ ಬೇಕು. ವಾಲ್ವ್ ನಿಮ್ಮ ಕಡೆಗೆ, ಸರಿಯಾಗಿ ನಡುಮಟ್ಟದಲ್ಲಿ ಬರುವಂತೆ ಚೆಂಡನ್ನಿಡಿ. ಮೈದಾನಕ್ಕೆ ಗೆರೆ ಹಾಕುವ ಸುಣ್ಣದ ಪುಡಿಯನ್ನು ಬೂಟಿನ ಒಳಮೈಗೆ ಮೆತ್ತಿ ಹೊಡೆಯಿರಿ. ಚೆಂಡನ್ನು ಬಲೆ ಅಥವಾ ಗೆಳೆಯ ಹಿಡಿಯಲಿ, ನೆಲದಲ್ಲಿ ಉರುಳಿದರೆ ಗುರುತು ಅಳಿಸುತ್ತದೆ. ವಾಲ್ವ್‌ನಿಂದ ಬಿಳಿ ಗುರುತಿನ ನಡುವಿಗೆ ಬೆರಳಿನಲ್ಲಿ ಅಳೆಯಿರಿ. ಬಲಕ್ಕೆ ಎರಡು ಬೆರಳು, ಕೆಳಕ್ಕೆ ಒಂದು ಬೆರಳಿನ ಆಸುಪಾಸು ಇದ್ದರೆ ದಾರಿ ಸರಿಯಾಗಿದೆ. ಕೆಳಕ್ಕೆ ಮೂರು ಬೆರಳಿದ್ದರೆ ಬಾರ್ ಮೇಲೆ ಹೋದದ್ದು ಏಕೆಂದು ಇನ್ನು ಯಾರನ್ನೂ ಕೇಳಬೇಕಿಲ್ಲ. ಇದರ ಜೊತೆ ಚೆಂಡಿನ ನಡುವೆ ಸುತ್ತಲೂ ಬಣ್ಣದ ಟೇಪ್ ಹಚ್ಚಿ, ಫೋನಿನ ಸ್ಲೋ ಮೋಷನ್‌ನಲ್ಲಿ ಹಿಂದಿನಿಂದ ಚಿತ್ರೀಕರಿಸಿ. ಸೆಕೆಂಡಿಗೆ 240 ಫ್ರೇಮ್ ಇದ್ದರೆ, ಒಂದು ಸುತ್ತಿಗೆ 30 ಫ್ರೇಮ್ ಹಿಡಿದರೆ ಅದೇ ಮೇಲೆ ಹೇಳಿದ ಎಂಟು ಸುತ್ತು. ನಿಮಗೆ ಕಾಣುವ ಚೆಂಡಿನ ಬೆನ್ನು ಮೇಲಕ್ಕೂ ಬಲಕ್ಕೂ ಓರೆಯಾಗಿ ಸುತ್ತಿದರೆ ಟಾಪ್ ಸ್ಪಿನ್ ಬಂದಿದೆ. ಕೆಳಕ್ಕೂ ಬಲಕ್ಕೂ ಸುತ್ತಿದರೆ ಬಂದಿಲ್ಲ.

ನನ್ನ ಬಳಿ ಇದ್ದ ಒಬ್ಬ ಮಿಡ್‌ಫೀಲ್ಡರ್ ಹುಡುಗನದು ನಿಮ್ಮದೇ ಕಥೆ. ಸುಣ್ಣದ ಗುರುತು ಸದಾ ಮೂರು ಬೆರಳು ಕೆಳಗೆ. ಮೊದಲ ವಾರ ಗೋಡೆಯನ್ನೂ ತೆಗೆದೆ, ಗೋಲನ್ನೂ ತೆಗೆದೆ. ಹತ್ತು ಮೀಟರ್ ದೂರದಲ್ಲಿ ನಾನು ನಿಂತು, ಚೆಂಡಿನ ಹಿಂದೆ ಎಡಗಾಲು ಊರಬೇಕಾದ ಜಾಗಕ್ಕೆ ಗೆರೆ ಎಳೆದು, ಅರ್ಧ ವೇಗದಲ್ಲಿ ನನ್ನ ಎದೆಗೆ ಹೊಡೆಯಲು ಹೇಳಿದೆ. ಗೆರೆ ಮುಟ್ಟಿತೇ, ಗುರುತು ಎಲ್ಲಿ ಬಿತ್ತು, ನೋಡಿದ್ದು ಇವೆರಡೇ. ಎರಡನೆಯ ವಾರ 18 ಮೀಟರ್‌ನಿಂದ ಗೋಡೆಯ ಜಾಗದಲ್ಲಿ ಹಗ್ಗ ಕಟ್ಟಿದೆ. ಆಗ ಅವನ ಹೊಡೆತಗಳು ಕೆಟ್ಟವು, ಅರ್ಧಕ್ಕರ್ಧ ಹಗ್ಗದ ಕೆಳಗೆ ಹೋದವು. ಇದು ಬಂದೇ ಬರುವ ಹಂತ. ಅಡಿಗೆ ಹೋಗುವುದನ್ನು ಬಿಟ್ಟ ಕಾಲು ಇನ್ನೂ ಸಾಕಷ್ಟು ಏಳಲು ಕಲಿತಿರುವುದಿಲ್ಲ. ಇಲ್ಲಿ ಗಾಬರಿಯಾಗಿ ಹಳೆಯ ಅಭ್ಯಾಸಕ್ಕೆ ಮರಳುವವರೇ ಹೆಚ್ಚು. ಅವನಿಗೆ ನಾನು ಮಾಡಿದ ತಿದ್ದುಪಡಿ ಒಂದೇ: ಎಡಗಾಲನ್ನು ಇನ್ನೂ ಎರಡು ಬೆರಳು ಹಿಂದಕ್ಕೆ. ಮೂರನೆಯ ವಾರದಲ್ಲಿ ಚೆಂಡು ಹಗ್ಗ ದಾಟಿ ಬಾರ್ ಕೆಳಗೆ ಬೀಳತೊಡಗಿತು. ತೀರಾ ಹಿಂದಕ್ಕೆ ಹೋದರೆ ಇನ್ನೊಂದು ರೋಗ ಬರುತ್ತದೆ, ಕಾಲು ಚೆಂಡಿಗೆ ಎಟುಕದೆ ಬೆರಳ ತುದಿ ತಗುಲುತ್ತದೆ. ಆಗ ಉಗುರೇ ಹೇಳುತ್ತದೆ.

ಇಷ್ಟೆಲ್ಲ ಕಲಿಯುವವರೆಗೆ ಈ ವಾರದ ಪಂದ್ಯಕ್ಕೆ ಏನು ಮಾಡಲಿ ಎಂದರೆ, ಮೆಲ್ಲಗೆ ಹೊಡೆಯಿರಿ. ಹುಡುಗರಿಗೆ ಈ ಮಾತು ರುಚಿಸುವುದಿಲ್ಲ, ಆದರೆ ಲೆಕ್ಕ ನೋಡಿ. 90ರ ವೇಗದಲ್ಲಿ, ಬರೀ ಪಕ್ಕದ ಸ್ಪಿನ್‌ನಲ್ಲಿ, ಎರಡೂವರೆ ಮೀಟರ್ ಎತ್ತರದಲ್ಲಿ ಗೋಡೆ ದಾಟಿದ ಚೆಂಡು ಗೋಲ್ ಬಳಿಯೂ ಬಾರ್‌ನ ಮಟ್ಟದಲ್ಲೇ ಇರುತ್ತದೆ. ವೇಗವನ್ನು 75ಕ್ಕೆ ಇಳಿಸಿ, ಸ್ವಲ್ಪ ಹೆಚ್ಚು ಎತ್ತಿ ಅದೇ ಎತ್ತರದಲ್ಲಿ ಗೋಡೆ ದಾಟಿಸಿದರೆ ಸುಮಾರು 1.2 ಮೀಟರ್‌ಗೆ ಇಳಿದಿರುತ್ತದೆ. ಬೆಲೆ ಏನೆಂದರೆ ಕೀಪರ್‌ಗೆ 0.2 ಸೆಕೆಂಡು ಹೆಚ್ಚು ಸಿಗುತ್ತದೆ, ಅಂದರೆ ಒಂದು ಹೆಜ್ಜೆ. ಮೂಲೆ ಸರಿಯಾಗಿದ್ದರೆ ಆ ಹೆಜ್ಜೆ ಸಾಲದು, ನಡುವಿಗೆ ಹೋದರೆ ಅವನ ಕೈಗೆ ಕೊಟ್ಟಂತೆ.

ಸ್ಪಿನ್ ಇಲ್ಲದ ನಕಲ್‌ಬಾಲ್ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದೆ ಕೇಳುತ್ತೀರಿ. ತಳ್ಳುವ ಗೆರೆ ನಡುಬಿಂದುವಿನಲ್ಲೇ ಹೋಗಬೇಕು, ಕಾಲು ತಗುಲಿದ ಕೂಡಲೇ ಬಿಗಿಹಿಡಿದಂತೆ ನಿಲ್ಲಬೇಕು. ಎತ್ತಿ ಹಿಡಿಯುವ ಬ್ಯಾಕ್ ಸ್ಪಿನ್ ಇಲ್ಲದ್ದರಿಂದ ಚೆಂಡು ಇಳಿಯುತ್ತದೆ, ಗಾಳಿ ಸೀಮ್‌ಗಳಲ್ಲಿ ಅತ್ತಿತ್ತ ಒಡೆಯುವುದರಿಂದ ಓಲಾಡುತ್ತದೆ. ಲಿಯಾನ್ ಕ್ಲಬ್‌ನಲ್ಲಿದ್ದಾಗ ಜೂನಿನ್ಹೊ ಇದರಿಂದ ಕೀಪರ್‌ಗಳ ನಿದ್ದೆ ಕೆಡಿಸಿದ್ದ. 2010ರ ವಿಶ್ವಕಪ್‌ನ ಎಂಟು ತುಂಡುಗಳ ಜಬುಲಾನಿ ಚೆಂಡು ಈ ಓಲಾಟಕ್ಕೇ ಬೈಗುಳ ತಿಂದಿತು. ಆದರೆ ಎತ್ತ ಓಲಾಡುತ್ತದೆ ಎಂದು ಹೊಡೆದವನಿಗೂ ತಿಳಿಯದು. 20 ಮೀಟರ್ ಅದಕ್ಕೆ ಹತ್ತಿರದ ದೂರ, 28–30 ಇರುವಾಗ ನೋಡೋಣ.

ಅಭ್ಯಾಸ ಒಮ್ಮೆಗೆ 20–25 ಹೊಡೆತ ಸಾಕು, ಮೈ ಬಿಸಿಯಾದ ಮೇಲೆ. ಕಾಲನ್ನು ಅಡ್ಡಕ್ಕೆ ಬೀಸಿ ಎತ್ತುವ ಈ ಹೊಡೆತ ತೊಡೆಸಂದಿಯ ಸ್ನಾಯುವನ್ನು ಎಳೆಯುತ್ತದೆ. ಅಲ್ಲಿ ಚುಳುಕೆಂದರೆ ಆ ದಿನಕ್ಕೆ ಬೂಟು ಬಿಚ್ಚಿ.

ಕೊನೆಗೆ ನಿಮ್ಮ ಊರಿನ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಗಾಳಿ ಕರಾವಳಿಗಿಂತ ಹತ್ತು ಶೇಕಡದಷ್ಟು ತೆಳು. ನಾನು ಮೇಲೆ ಕೊಟ್ಟ ಅಂಕಿಗಳು ಸಮುದ್ರಮಟ್ಟದವು. ನಿಮ್ಮಲ್ಲಿ ಬಾಗೂ ಟಾಪ್ ಸ್ಪಿನ್ನಿನ ಇಳಿತವೂ ಅಷ್ಟು ಕಡಿಮೆ. ಇಲ್ಲಿ ಪಳಗಿ ಮಂಗಳೂರಿಗೆ ಆಡಲು ಹೋದರೆ 22 ಮೀಟರ್‌ಗೆ ಸುಮಾರು 25 ಸೆಂ.ಮೀ. ಹೆಚ್ಚು ಬಾಗುತ್ತದೆ. ಪಂದ್ಯಕ್ಕೆ ಮುಂಚೆ ನಾಲ್ಕು ಚೆಂಡು ಹೊಡೆದು ನೋಡಿ, ಗುರಿಯನ್ನು ಒಂದು ಚೆಂಡಿನಗಲ ಬಲಕ್ಕೆ ಇಟ್ಟುಕೊಳ್ಳಿ.